ರೇಟು ಕಡಿಮೆ, ರಿಟರ್ನ್ ಅರ್ಧ ಅಂತಾರೆ: ಈ ಕೊರಿಯರ್ ಕಂಪನಿಯನ್ನು ನಂಬಬಹುದಾ?

ಓದುಗರ ಪ್ರಶ್ನೆ: ನಾನು ಮತ್ತು ನಮ್ಮಕ್ಕ ಸೇರಿ ಟೇಬಲ್ ಲ್ಯಾಂಪ್ ಮಾಡಿ ಆನ್‌ಲೈನಿನಲ್ಲಿ ಮಾರುತ್ತೇವೆ. ತಿಂಗಳಿಗೆ ಸುಮಾರು 300 ಪಾರ್ಸಲ್ ಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ ಕ್ಯಾಶ್ ಆನ್ ಡೆಲಿವರಿ. ತಡವಾಗಿ ತಲುಪುತ್ತಿದೆ, ಎಷ್ಟೋ ಪಾರ್ಸಲ್ ತಲುಪದೆ ವಾಪಸ್ ಬರುತ್ತಿದೆ. ಈಗ ಒಂದು ಲಾಜಿಸ್ಟಿಕ್ಸ್ ಕಂಪನಿಯವರು ಬಂದು, ಪಾರ್ಸಲ್ ರೇಟು 15% ಕಡಿಮೆ ಮಾಡುತ್ತೇವೆ, 3 ದಿನದಲ್ಲಿ ಡೆಲಿವರಿ, ರಿಟರ್ನ್ ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಿದ್ದಾರೆ. ಹೂಂ ಅನ್ನೋಣವೇ?

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನೂ ಕೆಲವು ವರ್ಷ ಒಂದು ಕೊರಿಯರ್ ಕಂಪನಿಯ ಸೇಲ್ಸ್‌ನಲ್ಲಿದ್ದೆ, ಇದೇ ಮೂರು ಮಾತು ಹೇಳಿಕೊಂಡು ಸಣ್ಣ ಮಾರಾಟಗಾರರ ಬಾಗಿಲು ತಟ್ಟಿದ್ದೇನೆ. ಸುಳ್ಳು ಹೇಳುತ್ತಿರಲಿಲ್ಲ. ಆದರೆ ಎದುರಿಗಿದ್ದವರು ಕೇಳದ ಪ್ರಶ್ನೆಗೆ ನಾನಾಗಿ ಉತ್ತರ ಕೊಡುತ್ತಲೂ ಇರಲಿಲ್ಲ. ಆ ಪ್ರಶ್ನೆಗಳನ್ನೇ ಈಗ ಹೇಳುತ್ತೇನೆ.

ಒಂದು ಪ್ರಯೋಗ ಮಾಡಿ ನೋಡಬಹುದು, ಪೂರ್ತಿ ಕೆಲಸ ಈಗಲೇ ಕೊಡಬೇಡಿ. ಇದು ನನ್ನ ಉತ್ತರ. ಯಾಕೆ ಅಂದರೆ, ಅವರು ಹೇಳುತ್ತಿರುವ ರೇಟು ನಿಮಗೆ ಬೀಳುವ ಖರ್ಚಲ್ಲ.

ಒಂದು ಲೆಕ್ಕ ಹಾಕೋಣ. ಯಾವ ದೇಶದ ದುಡ್ಡು ಬೇಕಾದರೂ ಇಟ್ಟುಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ. ಈಗಿನ ಕೊರಿಯರ್ ಒಂದು ಪಾರ್ಸಲ್ ಕಳಿಸಲು 10 ತೆಗೆದುಕೊಳ್ಳುತ್ತಾರೆ, ತಲುಪದೆ ವಾಪಸ್ ಬಂದರೆ ಅದಕ್ಕೆ 8 ಅಂದುಕೊಳ್ಳಿ. 100 ಕಳಿಸಿದರೆ 14 ವಾಪಸ್ ಬರುತ್ತದೆ. ಕಳಿಸಿದ್ದಕ್ಕೆ 1000, ವಾಪಸ್ ಬಂದದ್ದಕ್ಕೆ 112, ಒಟ್ಟು 1112. ಗ್ರಾಹಕರ ಕೈ ಸೇರಿದ್ದು 86. ಅಂದರೆ ತಲುಪಿದ ಒಂದೊಂದು ಪಾರ್ಸಲ್‌ಗೂ ನಿಮಗೆ ಸುಮಾರು 12.9 ಬಿತ್ತು.

ಹೊಸಬರು 8.5ಕ್ಕೆ ಕಳಿಸುತ್ತಾರೆ, ವಾಪಸಿಗೂ ಅಷ್ಟೇ ತೆಗೆದುಕೊಳ್ಳುತ್ತಾರೆ. ಆದರೆ ಅವರ ಡೆಲಿವರಿ ಹುಡುಗರು ಅಷ್ಟು ಚುರುಕಿಲ್ಲ, 100ಕ್ಕೆ 24 ವಾಪಸ್ ಬರುತ್ತದೆ ಅಂತಿಟ್ಟುಕೊಳ್ಳಿ. 850 ಮತ್ತು 204, ಒಟ್ಟು 1054. ಬಿಲ್ ನೋಡಿದರೆ ಉಳಿತಾಯ ಆದ ಹಾಗೇ ಕಾಣುತ್ತದೆ, ಅಲ್ವಾ? ಆದರೆ ತಲುಪಿದ್ದು 76 ಮಾತ್ರ. ಒಂದಕ್ಕೆ ಸುಮಾರು 13.9. ಮೇಲಾಗಿ 10 ಮಾರಾಟ ಕೈತಪ್ಪಿತು. ವಾಪಸ್ ಬಂದ ಲ್ಯಾಂಪಿನ ಶೇಡ್ ನಗ್ಗಿರುತ್ತದೆ, ಬಾಕ್ಸ್ ಮತ್ತೆ ಉಪಯೋಗಕ್ಕೆ ಬರಲ್ಲ, ಆ ಖರ್ಚನ್ನು ನಾನು ಸೇರಿಸಿಯೇ ಇಲ್ಲ.

ಹಾಗಾಗಿ ಕಂಪನಿಯವರನ್ನು ಪಾರ್ಸಲ್ ರೇಟು ಕೇಳುವುದಕ್ಕಿಂತ, ನಿಮ್ಮಂಥದೇ ಸರಕು, ನೀವು ಕಳಿಸುವ ಪಿನ್‌ಕೋಡ್‌ಗಳಿಗೆ, ಕ್ಯಾಶ್ ಆನ್ ಡೆಲಿವರಿಯಲ್ಲಿ 100 ಹೋದರೆ ಎಷ್ಟು ತಲುಪುತ್ತದೆ ಅಂತ ಕೇಳಿ. ಮುಂಗಡ ಹಣ ಕೊಟ್ಟ ಆರ್ಡರ್‌ಗಳನ್ನೂ ಸೇರಿಸಿ ಹೇಳಿದರೆ ಅಂಕಿ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ದುಡ್ಡು ಕೊಟ್ಟಾದವರು ಪಾರ್ಸಲ್ ಬೇಡ ಅನ್ನುವುದು ಕಡಿಮೆ. ಎರಡನ್ನೂ ಬೇರೆ ಬೇರೆ ಮಾಡಿ ಹೇಳಲು ಹೇಳಿ.

ಇನ್ನೊಂದು, ತೂಕ. ನಿಮ್ಮದು ಲ್ಯಾಂಪ್ ಆದ್ದರಿಂದ ಇದನ್ನು ಬಿಡುವ ಹಾಗಿಲ್ಲ. ಕೊರಿಯರ್‌ನವರು ತಕ್ಕಡಿ ತೂಕ ಒಂದನ್ನೇ ನೋಡುವುದಿಲ್ಲ, ಬಾಕ್ಸ್ ಎಷ್ಟು ಜಾಗ ತಿನ್ನುತ್ತದೆ ಅಂತಲೂ ನೋಡುತ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30×25×20ರ ಬಾಕ್ಸ್ ಅಂದರೆ 15000, ಭಾಗಿಸಿದರೆ 3 ಕೆಜಿ. ಒಳಗಿರುವ ಲ್ಯಾಂಪು 1.2 ಕೆಜಿ ಇದ್ದರೂ ಬಿಲ್ ಬರುವುದು 3ಕ್ಕೆ. ಕೆಲವು ಕಡೆ 4000ದಿಂದ ಭಾಗಿಸುತ್ತಾರೆ, ಆಗ ಅದೇ ಬಾಕ್ಸು 3.75 ಆಗಿಬಿಡುತ್ತದೆ. 15% ಕಡಿಮೆ ರೇಟು ಅಲ್ಲೇ ಮಾಯ. ಆದ್ದರಿಂದ ರೇಟ್ ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಆ ಭಾಜಕವನ್ನು ಮೊದಲು ಹುಡುಕಿ. ಶೇಡನ್ನು ಬಿಚ್ಚಿ ಪಕ್ಕಕ್ಕಿಟ್ಟು ಪ್ಯಾಕ್ ಮಾಡಲು ಆಗಿ ಬಾಕ್ಸ್ 28×20×16ಕ್ಕೆ ಇಳಿದರೆ, 5000ದ ಲೆಕ್ಕದಲ್ಲಿ 1.8 ಕೆಜಿಯ ಹತ್ತಿರ ಬರುತ್ತದೆ. ಅರ್ಧ ಕೆಜಿಯ ಹಂತಗಳಲ್ಲಿ ಬಿಲ್ ಹಾಕುವವರಾದರೆ 2 ಕೆಜಿ. ಯಾವ ಕಂಪನಿಯೂ ಕೊಡದ ರಿಯಾಯಿತಿ ಇದು, ಸುಮ್ನೆ ಬಾಕ್ಸ್ ಬದಲಿಸಿದ್ದಕ್ಕೆ.

ಈಗ ರಿಟರ್ನ್ ಅರ್ಧ ಮಾಡುತ್ತೇವೆ ಅನ್ನುವ ಮಾತು. ರಿಟರ್ನ್ ಅಂತ ನಾವು ಒಂದೇ ಪದ ಬಳಸುತ್ತೇವೆ, ಆದರೆ ಅದರಲ್ಲಿ ಎರಡು ಬಗೆ. ಗ್ರಾಹಕರು ತೆಗೆದುಕೊಂಡು, ಬಿಚ್ಚಿ ನೋಡಿ, ಬಣ್ಣ ಹಿಡಿಸಲಿಲ್ಲ ಅಂತ ಹಿಂದಿರುಗಿಸುವುದು ಒಂದು. ಅದು ನಿಮ್ಮ ಫೋಟೊ, ವಿವರಣೆಗೆ ಸೇರಿದ ವಿಷಯ, ಕೊರಿಯರ್‌ನವರು ಏನೂ ಮಾಡಲಾರರು. ಇನ್ನೊಂದು, ಬಾಗಿಲಲ್ಲಿ ಯಾರ ಕೈಗೂ ಸೇರದೆ ವಾಪಸ್ ಬರುವುದು. ಇದನ್ನು ಈ ಕ್ಷೇತ್ರದವರು ರಿಟರ್ನ್ ಟು ಒರಿಜಿನ್, ಚಿಕ್ಕದಾಗಿ ಆರ್‌ಟಿಒ ಅನ್ನುತ್ತಾರೆ. ಒಳ್ಳೆಯ ಕಂಪನಿ ಇದನ್ನು ನಿಜವಾಗಿ ಇಳಿಸಬಲ್ಲದು. ಹೇಗೆ ಅಂತ ಅವರ ಬಾಯಿಂದಲೇ ಕೇಳಿಸಿಕೊಳ್ಳಿ, ಸಾಫ್ಟ್‌ವೇರ್ ಇದೆ ಅನ್ನುವ ಉತ್ತರಕ್ಕೆ ಸುಮ್ಮನಾಗಬೇಡಿ.

ಪಾರ್ಸಲ್ ತಲುಪದ ದಿನ ಡೆಲಿವರಿ ಹುಡುಗ ಫೋನಿನಲ್ಲಿ ಒಂದು ಕಾರಣ ಒತ್ತಬೇಕು: ಗ್ರಾಹಕರು ಸಿಗಲಿಲ್ಲ, ವಿಳಾಸ ಸರಿಯಿಲ್ಲ, ಬೇಡ ಎಂದರು, ಹೀಗೆ. ಈ ವರದಿಗೆ ನಾನ್ ಡೆಲಿವರಿ ರಿಪೋರ್ಟ್, ಚಿಕ್ಕದಾಗಿ ಎನ್‌ಡಿಆರ್ ಅಂತ ಹೆಸರು. ನಮ್ಮ ಕಂಪನಿಯನ್ನು ಬಿಟ್ಟ ಮೇಲೆ ಒಬ್ಬ ಮಾರಾಟಗಾರರಿಗೆ ನಾನು ಲೆಕ್ಕ ನೋಡಿಕೊಡುತ್ತಿದ್ದೆ. ಅವರ ಒಂದು ದಿನದ ಎನ್‌ಡಿಆರ್ ಶೀಟಿನಲ್ಲಿ ಒಬ್ಬನೇ ಹುಡುಗನ 11 ಪಾರ್ಸಲ್ ಇತ್ತು, ಎಲ್ಲದಕ್ಕೂ ‘ಗ್ರಾಹಕರು ಸಿಗಲಿಲ್ಲ’. ವಿಳಾಸಗಳು ನಾಲ್ಕು ಬೇರೆ ಬೇರೆ ಬಡಾವಣೆ. ಸಮಯದ ಕಾಲಂ ನೋಡಿದರೆ ಮೊದಲನೆಯದು ರಾತ್ರಿ 8:40, ಕೊನೆಯದು 8:52. 12 ನಿಮಿಷದಲ್ಲಿ 11 ಬಾಗಿಲು ತಟ್ಟಲು ಯಾರಿಂದ ಆಗುತ್ತದೆ? ಅವನು ಹಬ್‌ಗೆ, ಅಂದರೆ ಕಂಪನಿಯವರು ಪಾರ್ಸಲ್ ವಿಂಗಡಿಸುವ ಜಾಗಕ್ಕೆ ವಾಪಸ್ ಬಂದು, ಉಳಿದುಹೋದ ಪಾರ್ಸಲ್‌ಗಳಿಗೆಲ್ಲ ಒಂದೇ ಕಾರಣ ಒತ್ತಿ ಮನೆಗೆ ಹೋಗಿದ್ದ. ಅವನನ್ನು ಬೈಯುವುದೂ ಸುಲಭ ಅಲ್ಲ, ಬೆಳಗ್ಗೆ ಅವನ ಚೀಲಕ್ಕೆ ಒಂದು ದಿನಕ್ಕೆ ಹಿಡಿಸುವುದಕ್ಕಿಂತ ಜಾಸ್ತಿ ತುಂಬಿದ್ದರು. ಆದರೆ ಅಂಥ ಮೂರು ಪ್ರಯತ್ನ ದಾಖಲಾದರೆ ಪಾರ್ಸಲ್ ವಾಪಸ್ ಹೊರಡುತ್ತದೆ, ಎರಡೂ ಕಡೆಯ ಬಾಡಿಗೆ ನಿಮ್ಮ ಲೆಕ್ಕಕ್ಕೆ ಬರುತ್ತದೆ, ಗ್ರಾಹಕರು ಮಾತ್ರ ಮನೆಯಲ್ಲೇ ಕಾಯುತ್ತಾ ಕೂತಿರುತ್ತಾರೆ.

ಆದ್ದರಿಂದ ಕಂಪನಿಯವರಿಗೆ ನಾನಾದರೆ ಮೂರು ವಿಷಯ ಕೇಳುತ್ತೇನೆ. ಎನ್‌ಡಿಆರ್ ಶೀಟ್ ಪ್ರತಿದಿನ ನನಗೆ ಬರುತ್ತದೆಯೇ, ಸಮಯ ಮತ್ತು ಕರೆ ಮಾಡಿದ ದಾಖಲೆಯ ಸಮೇತ? ಬೇಡ ಎಂದರು ಅಂತ ಒತ್ತುವ ಮೊದಲು ಗ್ರಾಹಕರ ಫೋನಿಗೆ ಒಟಿಪಿ ಹೋಗುತ್ತದೆಯೇ? ಸುಳ್ಳು ಪ್ರಯತ್ನ ಅಂತ ಸಾಬೀತಾದರೆ ವಾಪಸ್ ಬಾಡಿಗೆ ಬಿಡುತ್ತೀರಾ? ಮೂರನೆಯದಕ್ಕೆ ಬರವಣಿಗೆಯಲ್ಲಿ ಹೌದು ಅನ್ನುವವರು ಕಡಿಮೆ. ಅಂದವರು ಸಿಕ್ಕರೆ ರೇಟು ಸ್ವಲ್ಪ ಜಾಸ್ತಿ ಇದ್ದರೂ ಅವರೊಂದಿಗೆ ಮಾತು ಮುಂದುವರಿಸಿ.

ನಿಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಎನ್‌ಡಿಆರ್ ಬಂದ ದಿನವೇ ಗ್ರಾಹಕರಿಗೆ ಫೋನ್ ಮಾಡಿ, ನಾಳೆ ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತೀರಿ ಅಂತ ಕೇಳಿ, ಹತ್ತಿರದ ಗುರುತು ಬರೆದುಕೊಂಡು ಕಂಪನಿಗೆ ಕಳಿಸಿ. ಎರಡು ದಿನ ಬಿಟ್ಟು ಮಾಡಿದರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಪ್ರಯತ್ನಗಳ ಲೆಕ್ಕ ಮುಗಿದಿರುತ್ತದೆ.

3 ದಿನದ ಡೆಲಿವರಿ ಅಂದರೆ ಯಾವಾಗಿನಿಂದ 3 ದಿನ? ಗ್ರಾಹಕರ ಗಡಿಯಾರ ಆರ್ಡರ್ ಮಾಡಿದ ಕ್ಷಣದಿಂದ ಓಡುತ್ತದೆ. ಕಂಪನಿಯ ಗಡಿಯಾರ ಬಹಳ ಸಲ ಅವರ ಮೊದಲ ಸ್ಕ್ಯಾನ್‌ನಿಂದ. ನಡುವೆ ಏನಾಗುತ್ತದೆ ನೋಡಿ: ಸೋಮವಾರ ರಾತ್ರಿ ಆರ್ಡರ್ ಬಂತು, ಮಂಗಳವಾರ ಪ್ಯಾಕ್ ಮಾಡಿದಿರಿ, ಪಿಕಪ್ ಗಾಡಿ ಬರಲಿಲ್ಲ. ಬುಧವಾರ ಸಂಜೆ ಬಂತು, ಹಬ್‌ನಲ್ಲಿ ಸ್ಕ್ಯಾನ್ ಆಗಿದ್ದು ಗುರುವಾರ ಬೆಳಗ್ಗೆ. ಅಲ್ಲಿಂದ 3 ದಿನ ಹಿಡಿದು ಭಾನುವಾರ ತಲುಪಿಸಿದರೆ ಅವರ ವರದಿಯಲ್ಲಿ ಅದು ಸಮಯಕ್ಕೆ ಸರಿಯಾಗಿ ತಲುಪಿದ ಪಾರ್ಸಲ್. ಗ್ರಾಹಕರಿಗೆ ಆರನೆಯ ದಿನ. ಅಷ್ಟರಲ್ಲಿ ಅವರು ಬೇರೆ ಕಡೆ ಲ್ಯಾಂಪ್ ಕೊಂಡಿದ್ದರೆ ಬಾಗಿಲಲ್ಲಿ ಬೇಡ ಅನ್ನುತ್ತಾರೆ. ತಡವೇ ರಿಟರ್ನ್ ಆಗಿ ಬದಲಾಗುವುದು ಹೀಗೆ.

ಕಳೆದ ತಿಂಗಳ ಒಂದು 30 ಪಾರ್ಸಲ್ ತೆಗೆದುಕೊಂಡು, ಆರ್ಡರ್, ನೀವು ಗಾಡಿಗೆ ಕೊಟ್ಟದ್ದು, ಮೊದಲ ಸ್ಕ್ಯಾನ್, ಗ್ರಾಹಕರ ಊರಿನ ಹಬ್, ಡೆಲಿವರಿ, ಈ ಐದು ಸಮಯ ಒಂದು ಶೀಟಿನಲ್ಲಿ ಬರೆದು ನೋಡಿ. ಒಂದೂವರೆ ದಿನ ನಿಮ್ಮ ಮನೆಯಲ್ಲೇ ಕಳೆಯುತ್ತಿದೆ ಅಂತ ಗೊತ್ತಾದರೆ ಯಾವ ಹೊಸ ಕಂಪನಿ ಬಂದರೂ ಅದು ಹಾಗೇ ಉಳಿಯುತ್ತದೆ. ಗಾಡಿಗೆ ಕೊಟ್ಟ ಮೇಲೆ ಮೊದಲ ಸ್ಕ್ಯಾನ್‌ವರೆಗೆ ಕಳೆಯುತ್ತಿದ್ದರೆ ಅದು ಪಿಕಪ್‌ನ ತೊಂದರೆ, ಹೊಸಬರ ಗಾಡಿ ನಿಮ್ಮ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಯಾರೂ ಬಾರದ ದಿನ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ. ಸರಾಸರಿ ದಿನಗಳ ಲೆಕ್ಕ ಕೇಳಬೇಡಿ, 100ರಲ್ಲಿ 90 ಎಷ್ಟು ದಿನದೊಳಗೆ ತಲುಪುತ್ತದೆ ಅಂತ ಕೇಳಿ. ಸರಾಸರಿ 3 ದಿನ ಇದ್ದೂ ಹತ್ತು ಪಾರ್ಸಲ್ 9 ದಿನಕ್ಕೆ ತಲುಪಿರಬಹುದು, ನಿಮಗೆ ಬೈಗುಳ ಬರುವುದು ಆ ಹತ್ತರಿಂದಲೇ.

ಕ್ಯಾಶ್ ಆನ್ ಡೆಲಿವರಿ ದುಡ್ಡು ನಿಮ್ಮ ಖಾತೆಗೆ ಎಷ್ಟು ದಿನಕ್ಕೆ ಬರುತ್ತದೆ, ಪಾರ್ಸಲ್ ಕಳೆದುಹೋದರೆ ಗರಿಷ್ಠ ಎಷ್ಟು ಕೊಡುತ್ತಾರೆ, ಇವೆರಡೂ ಒಪ್ಪಂದದಲ್ಲಿ ಇರಬೇಕು.

ಪ್ರಯೋಗ ಹೇಗೆ ಮಾಡುವುದು? 200 ಪಾರ್ಸಲ್ ತೆಗೆದುಕೊಳ್ಳಿ, ಬಂದ ಸಾಲಿನಲ್ಲೇ ಒಂದು ಹಳಬರಿಗೆ, ಒಂದು ಹೊಸಬರಿಗೆ ಅಂತ ಕೊಡಿ. ಹತ್ತಿರದ ಊರುಗಳದ್ದೆಲ್ಲ ನಮಗೆ ಕೊಡಿ ಅಂತ ಹೊಸಬರು ಕೇಳಬಹುದು (ನಾನೂ ಕೇಳುತ್ತಿದ್ದೆ), ಒಪ್ಪಬೇಡಿ. ಪ್ರತಿ ಬಾಕ್ಸನ್ನೂ ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಅಳತೆ ಟೇಪ್ ಹಿಡಿದು, ಲೇಬಲ್ ಕಾಣುವಂತೆ ಒಂದು ಫೋಟೊ ತೆಗೆದಿಡಿ, ಬಿಲ್ಲಿನಲ್ಲಿ ತೂಕ ಜಾಸ್ತಿ ಬಂದರೆ ಅದೇ ಆಧಾರ.

ಲೆಕ್ಕ ಮಾತ್ರ ಬೇಗ ಮುಗಿಸಬೇಡಿ. ತಲುಪುವ ಪಾರ್ಸಲ್ ಬೇಗ ತಲುಪುತ್ತದೆ, ವಾಪಸ್ ಬರುವುದು ಮೂರು ಪ್ರಯತ್ನ ಮುಗಿಸಿ, ಅಷ್ಟು ದೂರ ಹಿಂದೆ ಬಂದು ನಿಮ್ಮ ಬಾಗಿಲಿಗೆ ಸೇರುವ ಹೊತ್ತಿಗೆ ಎರಡು ಮೂರು ವಾರ ಆಗಿರುತ್ತದೆ. ಮೊದಲ ವಾರದ ವರದಿ ಹಿಡಿದುಕೊಂಡು ಸೇಲ್ಸ್‌ನವರು ನಗುನಗುತ್ತಾ ಬರುತ್ತಾರೆ, ಅದರಲ್ಲಿ ಇನ್ನೂ ದಾರಿಯಲ್ಲಿರುವ ಪಾರ್ಸಲ್ ಎಷ್ಟು ಅಂತ ಎಣಿಸಿ. 200 ಪಾರ್ಸಲ್‌ನಲ್ಲಿ ಪ್ರತಿಯೊಂದೂ ತಲುಪಿದೆ, ವಾಪಸ್ ಬಂದಿದೆ ಅಥವಾ ಕಳೆದುಹೋಗಿದೆ ಅಂತ ಖಚಿತವಾದ ದಿನ ಇಬ್ಬರ ಒಟ್ಟು ಬಿಲ್ಲನ್ನೂ ಅವರವರು ತಲುಪಿಸಿದ ಪಾರ್ಸಲ್‌ಗಳಿಂದ ಭಾಗಿಸಿ. ಹೊಸಬರದ್ದು ಕಡಿಮೆ ಬಂದರೆ ಮುಂದಿನ ತಿಂಗಳು ಅರ್ಧ ಕೊಡಿ, ಹಳಬರ ಖಾತೆ ಮುಚ್ಚಬೇಡಿ.