ಆಫರ್ ಲೆಟರಿಗೆ ಸೈನ್ ಹಾಕುವ ಮೊದಲು ಕಂಪೆನಿಯ ಪಿಎಫ್ ಚಲನ್ ನೋಡಿ

ಬದಿಯಡ್ಕ ಕಡೆಯ ಒಬ್ಬ ಹುಡುಗಿ ಅವಳ ಅಪ್ಪನ ಜೊತೆ ನನ್ನ ಆಫೀಸಿಗೆ ಬಂದಿದ್ಲು, ಕೈಯಲ್ಲಿ ಮಂಗಳೂರಿನ ಒಂದು ಪ್ರೈವೇಟ್ ಕಂಪೆನಿಯ ಆಫರ್ ಲೆಟರ್. ತಿಂಗಳಿಗೆ 18,000, ಅದ್ರಲ್ಲಿ ಬೇಸಿಕ್ ಡಿಎ ಸೇರಿ 15,000, ಪಿಎಫ್ ಇಎಸ್‌ಐ ಎರಡೂ ಉಂಟು ಅಂತ ಬರೆದಿತ್ತು. "ಸೇರ್ಬಹುದಾ ಸಾರ್, ಇವಳು ನಾಳೆಯೇ ಹೋಗ್ತೇನೆ ಹೇಳ್ತಾಳೆ" ಅಂದ್ರು ಅಪ್ಪ. ನಾನು ಹದಿನೆಂಟು ವರ್ಷದಿಂದ ಕಾಸರಗೋಡಿನಲ್ಲಿ ಪಿಎಫ್ ಇಎಸ್‌ಐ ರಿಟರ್ನ್ ತುಂಬುವ ಕೆಲಸ ಮಾಡ್ತಿದ್ದೇನೆ, ಲೆಟರಲ್ಲಿ ಬರೆದದ್ದು ಒಂದು ಕಟ್ಟಿದ್ದು ಇನ್ನೊಂದು ಆದದ್ದು ಎಷ್ಟೋ ನೋಡಿದ್ದೇನೆ. ಹಾಗಾಗಿ ಮೊದಲು ಕಂಪ್ಯೂಟರ್ ಆನ್ ಮಾಡಿದೆ.

ಕಂಪೆನಿ ಪಿಎಫ್ ಕಟ್ಟಿದ ಚಲನ್ ವಿವರವನ್ನು ಯಾರು ಬೇಕಾದ್ರೂ ನೋಡ್ಬಹುದು, ಪಾಸ್‌ವರ್ಡ್ ಬೇಡ. ಇಪಿಎಫ್‌ಒ ಸೈಟಿನಲ್ಲಿ Establishment Search ಅಂತ ಉಂಟು, ಅಲ್ಲಿ ಕಂಪೆನಿ ಹೆಸರು ಇಲ್ಲಾಂದ್ರೆ ಪಿಎಫ್ ಕೋಡ್ ಹಾಕಿ. ಕೋಡ್ ಸಿಕ್ಕಿದ್ರೆ ಒಳ್ಳೇದು, ಯಾಕಂದ್ರೆ ಬೋರ್ಡಿನಲ್ಲಿರುವ ಹೆಸರು ಒಂದು, ರಿಜಿಸ್ಟರ್ ಆದ ಹೆಸರು ಇನ್ನೊಂದು ಇರ್ತದೆ. ಅಲ್ಲಿ ಈಗ ಕೆಲಸ ಮಾಡುವ ಯಾರದ್ದಾದ್ರೂ ಸ್ಯಾಲರಿ ಸ್ಲಿಪ್ ನೋಡಿದ್ರೆ ಪಿಎಫ್ ನಂಬರಿನ ಶುರುವಿನಲ್ಲೇ ಆ ಕೋಡ್ ಇರ್ತದೆ. ಸಂಬಳ ಕಾಂಟ್ರಾಕ್ಟರ್ ಕೊಡೋದಾದ್ರೆ ಕಾಂಟ್ರಾಕ್ಟರ್ ಹೆಸರಲ್ಲೇ ಹುಡುಕಬೇಕು.

ಆಮೇಲೆ View Payment Details ಒತ್ತಿ. ಯಾವ ತಿಂಗಳ ಸಂಬಳದ ಪಿಎಫ್, ಯಾವತ್ತು ಜಮಾ ಆಯ್ತು, ಎಷ್ಟು ದುಡ್ಡು, ಎಷ್ಟು ಜನ, ಎಲ್ಲ ಸಾಲು ಸಾಲು ಬರ್ತದೆ. ಏಪ್ರಿಲ್ ಸಂಬಳದ್ದು ಮೇ 15ರೊಳಗೆ ಕಟ್ಟಬೇಕು, ಅದು ನಿಯಮ. ಒಂದೆರಡು ಸಲ 18ಕ್ಕೋ 20ಕ್ಕೋ ಹೋಗಿದ್ರೆ ನಾನು ಅದನ್ನು ದೊಡ್ಡ ವಿಷಯ ಮಾಡುದಿಲ್ಲ. ಆದ್ರೆ ಈ ಕಂಪೆನಿಯದ್ದು ನೋಡಿದ್ರೆ ಫೆಬ್ರವರಿವರೆಗೆ ಸರಿ ಇತ್ತು, ಮಾರ್ಚ್, ಏಪ್ರಿಲ್, ಮೇ ಮೂರನ್ನೂ ಒಟ್ಟಿಗೆ ಆಗಸ್ಟ್ 28ಕ್ಕೆ ಕಟ್ಟಿದ್ದಾರೆ, ಜೂನ್ ಜುಲೈದ್ದು ಇಲ್ಲವೇ ಇಲ್ಲ, ಅವಳು ಬಂದದ್ದು ಸೆಪ್ಟೆಂಬರಲ್ಲಿ. ಅಂದ್ರೆ ಜನರ ಸಂಬಳದಿಂದ ಕಟ್ ಮಾಡಿದ ದುಡ್ಡನ್ನು ತಿಂಗಳುಗಟ್ಟಲೆ ಬೇರೆ ಕಡೆ ತಿರುಗಿಸಿದ್ದಾರೆ ಅಂತ ನನ್ನ ಅನುಮಾನ.

ಇನ್ನೊಂದು ಲೆಕ್ಕ ಉಂಟು, ಇದನ್ನು ಹೆಚ್ಚಿನವರು ನೋಡೋದೇ ಇಲ್ಲ. ನಮ್ಮದು 12, ಮಾಲಕರದ್ದು 12, ಇಡಿಎಲ್‌ಐ ಅನ್ನುವ ಜೀವ ವಿಮೆಗೆ ಅರ್ಧ, ಆಡಳಿತ ಖರ್ಚಿಗೆ ಅರ್ಧ, ಎಲ್ಲ ಸೇರಿ ಬೇಸಿಕ್ ಡಿಎ ಸಂಬಳದ 25 ಶೇಕಡಾ ಚಲನ್‌ನಲ್ಲಿ ಹೋಗ್ತದೆ. ಹಾಗಾಗಿ ಚಲನ್ ಮೊತ್ತವನ್ನು ಜನರ ಸಂಖ್ಯೆಯಿಂದ ಭಾಗಿಸಿ ನಾಲ್ಕರಿಂದ ಗುಣಿಸಿದ್ರೆ ಕಂಪೆನಿ ಸರಾಸರಿ ಎಷ್ಟು ಸಂಬಳ ತೋರಿಸಿದೆ ಅಂತ ಸುಮಾರಾಗಿ ಗೊತ್ತಾಗ್ತದೆ. ಫೆಬ್ರವರಿಯಲ್ಲಿ 38 ಜನಕ್ಕೆ 1,42,500, ಅಂದ್ರೆ ತಲೆಗೆ 3,750, ಸಂಬಳ 15,000. ಮೇ ತಿಂಗಳಿಗೆ 11 ಜನಕ್ಕೆ 22,000, ತಲೆಗೆ 2,000, ಸಂಬಳ 8,000 ಮಾತ್ರ! ಬೇಸಿಕ್ 15,000ಕ್ಕಿಂತ ಮೇಲಿದ್ದು ಮೊದಲು ಪಿಎಫ್ ಇಲ್ಲದಿದ್ದವರನ್ನು ಸೇರಿಸದೆ ಬಿಡ್ಬಹುದು, ಹಾಗಾಗಿ ಜನ ಕಡಿಮೆ ಕಂಡ ಕೂಡಲೇ ಮೋಸ ಅಂತ ಹೇಳ್ಬೇಡಿ. ಆದ್ರೆ ಮೂರು ತಿಂಗಳಲ್ಲಿ 38 ಇದ್ದದ್ದು 11 ಆದ್ರೆ ಕಾರಣ ಕೇಳಲೇಬೇಕು.

ಇಎಸ್‌ಐದ್ದು ಅಲ್ಲಿ ಕೆಲಸ ಮಾಡುವವರ ಮೂಲಕವೇ ನೋಡೋದು ಸುಲಭ. ಸಂಬಳ 21,000ದವರೆಗೆ ಇದ್ರೆ ನಮ್ಮಿಂದ 0.75, ಮಾಲಕರಿಂದ 3.25 ಶೇಕಡಾ, ಇವಳ 18,000ಕ್ಕೆ 135 ಮತ್ತು 585. ಅಲ್ಲೇ ಇರುವ ಗುರ್ತದವರು ಅವರ ಇಎಸ್‌ಐ ಲಾಗಿನ್‌ನಲ್ಲಿ ಪ್ರತಿ ತಿಂಗಳು ಎಷ್ಟು ದಿನದ ಕಂತು ಬಿದ್ದಿದೆ ಅಂತ ತೋರಿಸಿದ್ರೆ ಸಾಕು. ಆರು ತಿಂಗಳ ಅವಧಿಯಲ್ಲಿ 78 ದಿನದ ಕಂತು ಇಲ್ಲದಿದ್ರೆ ಕಾಯಿಲೆ ರಜೆಯ ದುಡ್ಡು ಸಿಗುದಿಲ್ಲ, ಕಂಪೆನಿ ಕಟ್ಟದೆ ಬಿಟ್ರೆ ಜ್ವರದಲ್ಲಿ ಮಲಗಿದವರೇ ಕೌಂಟರ್‌ನಿಂದ ಕೌಂಟರಿಗೆ ಓಡ್ಬೇಕಾಗ್ತದೆ.

ಹುಡುಗಿ ಅಲ್ಲಿಂದಲೇ ಎಚ್‌ಆರ್‌ಗೆ ಫೋನ್ ಮಾಡಿ ಕೇಳಿದ್ಲು. "ಪ್ರೊಬೇಷನ್ ಆರು ತಿಂಗಳು, ಕನ್ಫರ್ಮ್ ಆದ ಮೇಲೆ ಪಿಎಫ್" ಅಂತ ಉತ್ತರ ಬಂತು. ಪಿಎಫ್‌ಗೆ ಪ್ರೊಬೇಷನ್ ಅಂತ ಇಲ್ಲ ಮಾರ್ರೆ, ಬೇಸಿಕ್ ಡಿಎ 15,000ದವರೆಗೆ ಇರುವವರನ್ನು ಕೆಲಸಕ್ಕೆ ಸೇರಿದ ದಿನದಿಂದಲೇ ಸೇರಿಸಬೇಕು. ಅಪ್ಪ ಲೆಟರ್ ಮಡಚಿ ಕಿಸೆಗೆ ಹಾಕಿದ್ರು.

ಎರಡು ತಿಂಗಳು ಬಿಟ್ಟು ಅವಳು 1,500 ಕಡಿಮೆಗೆ ಬೇರೆ ಕಡೆ ಸೇರಿದ್ಲು, ಅದರ ಚಲನ್ ಎರಡು ವರ್ಷದ್ದು ನೋಡಿದೆವು, ಎಲ್ಲ 15ರೊಳಗೆ. ಯುಎಎನ್ ಆಕ್ಟಿವ್ ಆದ ಮೇಲೆ ಈಗ ಪ್ರತಿ ತಿಂಗಳು 20ಕ್ಕೆ ಅವಳ ರಿಜಿಸ್ಟರ್ಡ್ ಮೊಬೈಲಿಂದ 7738299899ಕ್ಕೆ ಹೀಗೆ ಮೆಸೇಜ್ ಹಾಕ್ತಾಳೆ, ಕೊನೆಗೆ ಬಿದ್ದ ಪಿಎಫ್ ಕಂತಿನ ವಿವರ ಕನ್ನಡದಲ್ಲೇ ಉತ್ತರವಾಗಿ ಬರ್ತದೆ:

```
EPFOHO UAN KAN
```