ಕೋರ್ಡ್ ವರ್ತುಲದಲ್ಲಿ ಕೀ ಹುಡುಕುವ ಬಗೆ: ಪ್ರತಿ ಹಾಪ್‌ನಲ್ಲಿ ದೂರ ಅರ್ಧವಾಗುವುದು ಏಕೆ

ಪೀರ್ ಟು ಪೀರ್ ಜಾಲದಲ್ಲಿ ಯಾವ ಕೀ ಯಾರ ಬಳಿ ಇದೆ ಎಂದು ಹೇಳುವ ಕೇಂದ್ರ ಸರ್ವರ್ ಇರುವುದಿಲ್ಲ. ಈ ಕೊರತೆಯನ್ನು ತುಂಬುವ ಡಿಸ್ಟ್ರಿಬ್ಯೂಟೆಡ್ ಹ್ಯಾಶ್ ಟೇಬಲ್‌ಗಳಲ್ಲಿ, 2001ರಲ್ಲಿ ಎಂಐಟಿಯ ಸಂಶೋಧಕರು ಪ್ರಕಟಿಸಿದ ಕೋರ್ಡ್ ಅನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಹುಡುಕಾಟದ ಲೆಕ್ಕವನ್ನು ಕಾಗದದ ಮೇಲೆ ಪೂರ್ತಿಯಾಗಿ ಮಾಡಿ ನೋಡಲು ಇದರಷ್ಟು ಅನುಕೂಲವಾದುದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ನೋಡ್‌ಗಳಿಗೂ ಕೀಗಳಿಗೂ ಒಂದೇ ಹ್ಯಾಶ್‌ನಿಂದ ಸಂಖ್ಯೆ ಸಿಗುತ್ತದೆ. ಮೂಲ ವಿನ್ಯಾಸದಲ್ಲಿ ಅದು 160 ಬಿಟ್‌ಗಳ ಸಂಖ್ಯೆ. ನಮ್ಮ ಉದಾಹರಣೆಗೆ 6 ಬಿಟ್ ಸಾಕು, ಅಂದರೆ 0ಯಿಂದ 63ರವರೆಗಿನ ವರ್ತುಲ. ಅದರ ಮೇಲೆ 3, 9, 17, 22, 30, 37, 45, 50, 58, 61 ಎಂಬ ಹತ್ತು ನೋಡ್‌ಗಳಿವೆ ಎಂದುಕೊಳ್ಳೋಣ. ಕೀಯ ಸಂಖ್ಯೆಯಿಂದ ಮುಂದಕ್ಕೆ ಹೋಗುವಾಗ ಮೊದಲು ಸಿಗುವ ನೋಡ್, ಅಂದರೆ ಅದರ ಸಕ್ಸೆಸರ್, ಆ ಕೀಯ ಒಡೆಯ. ಹಾಗಾಗಿ 60ನೆಯ ಕೀ 61ರ ಬಳಿ ಇರುತ್ತದೆ.

ಪ್ರತಿ ನೋಡ್ ತನ್ನಿಂದ 1, 2, 4, 8, 16, 32 ಸ್ಥಾನ ಮುಂದಿರುವ ಬಿಂದುಗಳ ಸಕ್ಸೆಸರ್‌ಗಳನ್ನು ಫಿಂಗರ್ ಟೇಬಲ್‌ನಲ್ಲಿ ಬರೆದುಕೊಂಡಿರುತ್ತದೆ. 9ರ ಟೇಬಲ್‌ನಲ್ಲಿ ಮೊದಲ ನಾಲ್ಕೂ ಸಾಲುಗಳು 17, ಐದನೆಯದು 30, ಆರನೆಯದು 45. ಈಗ 9ನೆಯ ನೋಡ್ 60ನ್ನು ಹುಡುಕಬೇಕಾಗಿದೆ. 60 ತನಗೂ ತನ್ನ ಸಕ್ಸೆಸರ್ ಆದ 17ಕ್ಕೂ ನಡುವೆ ಇಲ್ಲದ ಕಾರಣ, ಕೀಗಿಂತ ಹಿಂದಿರುವ ಫಿಂಗರ್‌ಗಳಲ್ಲಿ ಅತ್ಯಂತ ಮುಂದಿನದಾದ 45ಕ್ಕೆ ಅದು ಪ್ರಶ್ನೆಯನ್ನು ದಾಟಿಸುತ್ತದೆ. 45ರ ಟೇಬಲ್‌ನಲ್ಲಿ 50, 50, 50, 58, 61, 17 ಇವೆ. ಕಣ್ಣೆದುರಿಗೇ ಇರುವ 61ನ್ನು ಬಿಟ್ಟು 45 ಪ್ರಶ್ನೆಯನ್ನು 58ಕ್ಕೆ ಕಳುಹಿಸುತ್ತದೆ. 58ರ ಸಕ್ಸೆಸರ್ 61. 60 ಅವೆರಡರ ನಡುವೆ ಇರುವುದರಿಂದ ಉತ್ತರ 61.

ಒಡೆಯನೇ ಆದ 61ನ್ನು 45 ಏಕೆ ಬಿಟ್ಟಿತು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 60ಕ್ಕೂ 61ಕ್ಕೂ ನಡುವೆ ಬೇರೆ ನೋಡ್ ಇಲ್ಲವೆಂದು ನಾವು ಪೂರ್ತಿ ಪಟ್ಟಿಯನ್ನು ನೋಡಿ ಹೇಳುತ್ತೇವೆ, ಆದರೆ 45ಕ್ಕೆ ಆ ಪಟ್ಟಿ ಗೊತ್ತಿಲ್ಲ. ಅದಕ್ಕೆ ಖಚಿತವಾಗಿ ಗೊತ್ತಿರುವುದು 61 ಎಂಬ ಬಿಂದುವಿನ ಸಕ್ಸೆಸರ್ 61 ಎಂಬುದಷ್ಟೇ; 60ರಲ್ಲಿಯೇ ಒಂದು ನೋಡ್ ಇದ್ದರೂ ಈ ಟೇಬಲ್ ಹೀಗೆಯೇ ಇರುತ್ತಿತ್ತು. ಪ್ರಶ್ನೆ ಕೀಯನ್ನು ದಾಟಿ ಹೋದರೆ, ಮುಂದಕ್ಕೆ ಮಾತ್ರ ಚಲಿಸುವ ಈ ಹುಡುಕಾಟ ಮತ್ತೆ ಇಡೀ ವರ್ತುಲವನ್ನು ಸುತ್ತಬೇಕಾಗುತ್ತದೆ. ಆದ್ದರಿಂದ ಹುಡುಕಾಟದ ನಿಜವಾದ ಗುರಿ ಒಡೆಯನಲ್ಲ, ಕೀಗಿಂತ ಸ್ವಲ್ಪ ಹಿಂದೆ ಕುಳಿತಿರುವ ನೋಡ್; ಇಲ್ಲಿ ಅದು 58.

ಗುರಿಯನ್ನು ಹೀಗೆ ಬದಲಿಸಿಕೊಂಡರೆ ಹಾಪ್‌ಗಳ ಲೆಕ್ಕವೂ ತಾನಾಗಿ ಬಿಡಿಸಿಕೊಳ್ಳುತ್ತದೆ. 9ರಿಂದ 58ಕ್ಕೆ ದೂರ 49, ಅಂದರೆ 32ಕ್ಕೂ 64ಕ್ಕೂ ನಡುವೆ. 32 ಸ್ಥಾನ ಮುಂದಿನ ಬಿಂದುವಾದ 41ರಿಂದ ಹೊರಟರೆ 58 ಹೇಗೂ ದಾರಿಯಲ್ಲಿ ಸಿಗುವುದರಿಂದ, ಅಲ್ಲಿನ ಫಿಂಗರ್ 58ನ್ನು ಮೀರಿರಲು ಸಾಧ್ಯವಿಲ್ಲ. ಆ ಫಿಂಗರ್ ಕನಿಷ್ಠ 32 ಸ್ಥಾನ ಮುಂದೊಯ್ಯುತ್ತದೆ, ಉಳಿಯುವುದು 32ಕ್ಕಿಂತ ಕಡಿಮೆ. ಅಂದರೆ ಉಳಿದ ದೂರ ಮೊದಲಿನ ಅರ್ಧಕ್ಕಿಂತ ಹೆಚ್ಚಿರಲಾರದು. ನಮ್ಮ ಲೆಕ್ಕದಲ್ಲಿ 49 ಇದ್ದದ್ದು 13 ಆಯಿತು, ಬಳಿಕ 0 ಆಯಿತು. ಹೀಗೆ ಅರ್ಧವಾಗುತ್ತ ಹೋದರೆ 160 ಬಿಟ್‌ಗಳಲ್ಲಿ 160 ಹಾಪ್ ಬೇಕಾಗಬಹುದಲ್ಲವೇ ಎನಿಸುತ್ತದೆ. ಆದರೆ N ನೋಡ್‌ಗಳಿದ್ದಾಗ ಸುಮಾರು log₂ N ಬಾರಿ ಅರ್ಧವಾದ ಮೇಲೆ ಉಳಿಯುವ ತುಂಡಿನಲ್ಲಿ ಸರಾಸರಿ ಒಂದೇ ನೋಡ್ ಇರುತ್ತದೆ. ವಾಸ್ತವದಲ್ಲಿ ಸರಾಸರಿ ಅದರ ಅರ್ಧದಷ್ಟೇ ಹಾಪ್‌ಗಳು ಸಾಕಾಗುತ್ತವೆ. ಹತ್ತು ಲಕ್ಷ ನೋಡ್‌ಗಳಿಗೂ ಸುಮಾರು 10.

ಕೋಡ್ ಬರೆಯುವವರು ವರ್ತುಲ 63ರಿಂದ 0ಗೆ ಹೊರಳುವುದನ್ನು ಗಮನಿಸಬೇಕು. 61 ಮತ್ತು 3ರ ನಡುವೆ 1 ಇದೆಯೇ ಎಂಬ ಪ್ರಶ್ನೆಗೆ ಸಾಮಾನ್ಯ ಹೋಲಿಕೆ ಇಲ್ಲ ಎನ್ನುತ್ತದೆ, ಆಗ ಹುಡುಕಾಟ ಮುಗಿಯದೆ ಸುತ್ತುತ್ತದೆ.

```python
def between(x, a, b):
    if a < b:
        return a < x <= b
    return x > a or x <= b
```

ನೋಡ್‌ಗಳು ಬಂದು ಹೋಗುತ್ತಿರುವಾಗ ಟೇಬಲ್‌ನ ಎಲ್ಲ ಸಾಲುಗಳಿಗೂ ಒಂದೇ ಬೆಲೆ ಇರುವುದಿಲ್ಲ. 54 ಎಂಬ ಹೊಸ ನೋಡ್ ಸೇರಿ, 58ರಿಂದ ತನ್ನ ಪಾಲಿನ ಕೀಗಳನ್ನು ಪಡೆಯಿತೆನ್ನೋಣ. 50ರ ಸಕ್ಸೆಸರ್ ಇನ್ನೂ 58 ಎಂದೇ ಇದ್ದರೆ, 52ನ್ನು ಹುಡುಕಿದವರಿಗೆ ಕೀ ಇಲ್ಲ ಎಂಬ ತಪ್ಪು ಉತ್ತರ ಬರುತ್ತದೆ. 50 ನಿಯತಕಾಲಿಕವಾಗಿ 58ನ್ನು ಅದರ ಹಿಂದಿನ ನೋಡ್ ಯಾವುದೆಂದು ಕೇಳುತ್ತದೆ. 54 ಎಂಬ ಉತ್ತರ ಬಂದೊಡನೆ ತನ್ನ ಸಕ್ಸೆಸರ್ ಅನ್ನು ತಿದ್ದಿಕೊಳ್ಳುತ್ತದೆ. ಆ ಬಳಿಕವೂ 45ರ ನಾಲ್ಕನೆಯ ಫಿಂಗರ್ 54 ಆಗದೆ 58 ಆಗಿಯೇ ಉಳಿದಿದ್ದರೆ, 57ನೆಯ ಕೀಯ ಪ್ರಶ್ನೆ 50 ಮತ್ತು 54ರ ಮೂಲಕ ಸಾಗಿ, ಒಂದು ಹಾಪ್ ಹೆಚ್ಚಾದರೂ 58 ಎಂಬ ಸರಿಯಾದ ಉತ್ತರವನ್ನೇ ಪಡೆಯುತ್ತದೆ. ಹಾಪ್‌ಗಳ ಸಂಖ್ಯೆ ಏರಿ ಉತ್ತರಗಳು ಸರಿಯಿದ್ದರೆ ಫಿಂಗರ್‌ಗಳನ್ನು ಪರೀಕ್ಷಿಸಬೇಕು. ಇರುವ ಕೀ ಇಲ್ಲವೆಂದು ಬಂದು, ತುಸು ಹೊತ್ತಿನ ಬಳಿಕ ಸಿಕ್ಕರೆ ಸಕ್ಸೆಸರ್‌ಗಳನ್ನು ಪರೀಕ್ಷಿಸಬೇಕು.