ಒಂದೇ ಹಲ್ಲಿಗೆ 9 ಸಾವಿರವೂ ಇದೆ, 22 ಸಾವಿರವೂ ಇದೆ!

ಕೆಳಗಿನ ದವಡೆಯ ಮೊದಲ ದೊಡ್ಡ ಹಲ್ಲಿನ ಹುಳುಕು ನರದವರೆಗೆ ಹೋಗಿದೆ ಅಂದುಕೊಳ್ಳಿ. ಬೆಂಗಳೂರಲ್ಲಿ ಎರಡು ಕಡೆ ವಿಚಾರಿಸಿದಿರಿ. ಒಂದು ಕಡೆ ರೂಟ್ ಕೆನಾಲ್‌ಗೆ 5,000, ಕ್ಯಾಪ್‌ಗೆ 4,000. ಇನ್ನೊಂದು ಕಡೆ 8,000 ಮತ್ತು 14,000. ವ್ಯತ್ಯಾಸ 13,000 ರೂಪಾಯಿ, ಅದರಲ್ಲಿ 10,000 ಬರೀ ಕ್ಯಾಪಿನದು.

ರೂಟ್ ಕೆನಾಲ್‌ನಲ್ಲಿ ಸಾಮಗ್ರಿ ಅಷ್ಟೇನೂ ಬದಲಾಗುವುದಿಲ್ಲ. ಬೇರಿನ ಕಾಲುವೆ ತುಂಬಲು ಎರಡೂ ಕಡೆ ಸಾಮಾನ್ಯವಾಗಿ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನೇ ಬಳಸುತ್ತಾರೆ. ಅಲ್ಲಿ ಜಾಸ್ತಿ ದುಡ್ಡು ಹೋಗುವುದು ಸ್ಪೆಷಲಿಸ್ಟ್ ಕೈಗೆ, ಮೈಕ್ರೋಸ್ಕೋಪಿಗೆ. ಈ ಹಲ್ಲಿಗೆ ಮೂರೋ ನಾಲ್ಕೋ ಕಾಲುವೆ ಇರುತ್ತವೆ, ಒಂದು ತಪ್ಪಿಹೋದರೂ ಸೋಂಕು ಒಳಗೇ ಉಳಿದು ಆಮೇಲೆ ನೋವು ಮರಳಬಹುದು, ಹಾಗಾಗಿ ಈ 3,000 ಸುಮ್ನೆ ಹೋದ ದುಡ್ಡಲ್ಲ.

ಈಗ ಕ್ಯಾಪ್. ನಾಲ್ಕು ಸಾವಿರಕ್ಕೆ ಸಿಗುವುದು ಹೆಚ್ಚಾಗಿ ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಕ್ಯಾಪ್. ಕೆಲವರು ಇದನ್ನೇ 'ಸೆರಾಮಿಕ್' ಅಂದುಬಿಡುತ್ತಾರೆ, ಒಳಗೆ ಲೋಹ ಇದೆಯಾ ಅಂತ ಕೇಳಿ. ಎರಡು ಪದರಕ್ಕೆ ಜಾಗ ಬೇಕಲ್ವಾ, ಅದಕ್ಕೇ ಅಗಿಯುವ ಮೇಲ್ಭಾಗವನ್ನು ಸುಮಾರು 1.5ರಿಂದ 2 ಮಿ.ಮೀ. ಉಜ್ಜಬೇಕಾಗುತ್ತದೆ. ಮುಂದೆ ಪಿಂಗಾಣಿಯ ಚೂರು ಹಾರಬಹುದು, ಒಸಡು ಕೆಳಗೆ ಸರಿದರೆ ಕಪ್ಪು ಗೆರೆ ಕಾಣಬಹುದು.

ಹದಿನಾಲ್ಕು ಸಾವಿರದ್ದು ಹೆಚ್ಚಾಗಿ ಜಿರ್ಕೋನಿಯಾ, ಅಂದರೆ ಲೋಹವಿಲ್ಲದ ಗಟ್ಟಿ ಬಿಳಿ ಸೆರಾಮಿಕ್. ಈ ಕ್ಯಾಪನ್ನು ಒಂದೇ ಗಟ್ಟಿಯಿಂದ ಮಷೀನಿನಲ್ಲಿ ಕೊರೆದಿದ್ದರೆ ಪದರವೇ ಇಲ್ಲ, ಏಳಲು ಏನೂ ಇಲ್ಲ. ಉಜ್ಜುವುದೂ ಸ್ವಲ್ಪ ಕಡಿಮೆ. ಆದರೆ ಚಂದ ಕಾಣಲಿ ಅಂತ ಜಿರ್ಕೋನಿಯಾ ಮೇಲೂ ಪಿಂಗಾಣಿ ಹಚ್ಚುವುದುಂಟು, ಅಲ್ಲಿ ಚೂರು ಏಳುವ ತೊಂದರೆ ಮತ್ತೆ ಬರುತ್ತದೆ. ಬೆಳಕು ಹಾಯುವ ಹಾಗೆ ಮಾಡಿದ ಜಿರ್ಕೋನಿಯಾ ನೋಡಲು ಚೆಂದ, ಬಲ ಮಾತ್ರ ಕಡಿಮೆ. ಅದು ಮುಂದಿನ ಹಲ್ಲಿಗೆ ಸರಿ, ದವಡೆ ಹಲ್ಲಿಗೆ ಗಟ್ಟಿ ಬಗೆಯೇ ಬೇಕು.

ನನ್ನನ್ನು ಕೇಳಿದರೆ, ಯಾರಿಗೂ ಕಾಣದ ಹಿಂದಿನ ಹಲ್ಲಿಗೆ ಪೂರ್ತಿ ಲೋಹದ ಕ್ಯಾಪ್ ಒಳ್ಳೆಯ ಆಯ್ಕೆ. ಅಗ್ಗ, ತೆಳು, ಒಡೆಯುವುದು ಅಪರೂಪ. ಈಗ ಯಾರೂ ಅದನ್ನು ತಾವಾಗಿ ಹೇಳುವುದಿಲ್ಲ, ಬಣ್ಣ ನೋಡಿ ಜನವೂ ಬೇಡ ಅನ್ನುತ್ತಾರೆ! ನಿಕಲ್ ಅಲರ್ಜಿ ಇದ್ದವರು ಮಾತ್ರ ನಿಕಲ್ ಇಲ್ಲದ ಲೋಹ ಕೇಳಬೇಕು.

ಜಿರ್ಕೋನಿಯಾ ಜೊತೆ ವಾರಂಟಿ ಕಾರ್ಡ್ ಕೊಡುತ್ತಾರೆ. ಅದು ಸಾಮಾನ್ಯವಾಗಿ ಕ್ಯಾಪಿಗೆ ಮಾತ್ರ, ಒಳಗಿನ ಹಲ್ಲಿಗಲ್ಲ. ಎಷ್ಟೋ ಸಲ ಸೋಲುವುದು ಕ್ಯಾಪ್ ಅಲ್ಲ, ಅದರ ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವ ಅಥವಾ ಸೀಳುವ ಹಲ್ಲು. ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಉಳಿದಿದ್ದರೆ ಕ್ಯಾಪಿಗೆ ಒಳ್ಳೆಯ ಹಿಡಿತ ಸಿಗುತ್ತದೆ. ಅಷ್ಟು ಉಳಿದಿದೆಯಾ, ಮುರಿದ ಭಾಗ ಕಟ್ಟಲು ಹಾಕುವ ಫಿಲ್ಲಿಂಗ್ ಮತ್ತು ಬೇರಿನೊಳಗೆ ಕೂರಿಸುವ ಪೋಸ್ಟ್ ಎಂಬ ಕಡ್ಡಿ ಹೇಳಿದ ರೇಟಿನಲ್ಲಿ ಸೇರಿದೆಯಾ ಅಂತ ಎರಡೂ ಕಡೆ ಕೇಳಿ, ಆಮೇಲೆ 9ನ್ನು 22ರ ಪಕ್ಕ ಇಡಿ.